ಮೊಸರು, ಯೋಗರ್ಟ್, ಮಜ್ಜಿಗೆ: ಹೆಪ್ಪಲ್ಲಿ ಏನಿರತ್ತೆ, ಜಿಡ್ಡು ಎಲ್ಲಿಗೆ ಹೋಗತ್ತೆ, ಮನೇಲಿ ಮಾಡೋದು ಹೇಗೆ

ಹೋದ ವಾರ ಡಲ್ಲಾಸ್‌ನಲ್ಲಿರೋ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಮಜ್ಜಿಗೆ ಹುಳಿ ಮಾಡ್ದೆ ಕಣೇ, ಗಂಜಿ ಥರ ಆಗೋಯ್ತು, ಉಪ್ಪೂ ಜಾಸ್ತಿ, ನಾನು ಹಾಕಿದ್ದು ಅರ್ಧ ಚಮಚ ಅಷ್ಟೇ" ಅಂದ್ಲು. ಏನು ಹಾಕಿದ್ದೆ ಅಂತ ಕೇಳಿದ್ರೆ, ಅಂಗಡಿಯಿಂದ ತಂದ ಬಟರ್‌ಮಿಲ್ಕನ್ನ ಡಬ್ಬದಿಂದ ಹಾಗೇ ಸುರಿದಿದ್ದಾಳೆ. ಬಟರ್‌ಮಿಲ್ಕ್ ಅಂದ್ರೆ ಮಜ್ಜಿಗೆ ತಾನೇ ಅನ್ನೋದು ಅವಳ ಲೆಕ್ಕ, ಡಿಕ್ಷನರೀಲೂ ಹಾಗೇ ಇರತ್ತೆ, ಆದ್ರೆ ಆ ಡಬ್ಬದಲ್ಲಿ ಇರೋದು ನಮ್ಮ ಮಜ್ಜಿಗೆ ಅಲ್ಲ. ಇದೇ ಥರ ಯೋಗರ್ಟ್ ಅಂದ್ರೆ ಮೊಸರಿನ ಇಂಗ್ಲಿಷ್ ಹೆಸರು ಅಂದ್ಕೊಂಡಿರೋರೂ ತುಂಬಾ ಜನ. ಫೋನಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೀನಿ, ಜೊತೆಗೆ ಒಂದು ಲೀಟರ್ ಹಾಲು ತಗೊಂಡು ಅರ್ಧದಲ್ಲಿ ಮೊಸರು, ಇನ್ನರ್ಧದಲ್ಲಿ ಯೋಗರ್ಟ್ ಮಾಡೋದು ಹೇಗೆ ಅಂತ ಹಂತ ಹಂತವಾಗಿ ಹೇಳ್ತೀನಿ. ಎರಡನ್ನೂ ಅಕ್ಕಪಕ್ಕ ಇಟ್ಟು ತಿಂದು ನೋಡಿದ್ರೆ ಒಂದೇ ಸಲಕ್ಕೆ ವ್ಯತ್ಯಾಸ ನಾಲಿಗೆಗೇ ಗೊತ್ತಾಗತ್ತೆ.

ಮೊದಲು ಹೆಪ್ಪಿನ ವಿಷಯ

ಹಾಲು ಮೊಸರಾಗೋದು ಅಂದ್ರೆ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಸಿಡ್ ಮಾಡ್ತವೆ, ಹುಳಿ ಏರ್ತಾ ಏರ್ತಾ ಪಿಎಚ್ 4.6ರ ಹತ್ರ ಬಂದಾಗ ಹಾಲಿನ ಕೇಸೀನ್ ಅನ್ನೋ ಪ್ರೋಟೀನು ಒಂದಕ್ಕೊಂದು ಅಂಟ್ಕೊಂಡು ಬಲೆ ಥರ ಗಟ್ಟಿಯಾಗತ್ತೆ. ಮೊಸರಿಗೂ ಯೋಗರ್ಟ್‌ಗೂ ಇಷ್ಟು ಒಂದೇ. ಬೇರೆಯಾಗೋದು ಆ ಕೆಲಸ ಮಾಡೋರು ಯಾರು ಅನ್ನೋದ್ರಲ್ಲಿ.

ಯೋಗರ್ಟ್‌ಗೆ ಇಬ್ಬರೇ, ಅವರ ಹೆಸರು ಫಿಕ್ಸ್: ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತೆ ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್. ಎರಡನೆಯದನ್ನ 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಅನ್ನೋ ಬಲ್ಗೇರಿಯಾದ ವಿಜ್ಞಾನಿ ಅವರ ಊರ ಕಡೆಯ ಮೊಸರಿನಲ್ಲೇ ಗುರುತಿಸಿದ್ದು, ಅದಕ್ಕೇ ಆ ಹೆಸರು. ಇವೆರಡೂ ಬಿಸಿ ಇಷ್ಟಪಡೋ ಜಾತಿ, 42-43 ಡಿಗ್ರಿಯಲ್ಲಿ ಜೋರಾಗಿ ಕೆಲಸ ಮಾಡ್ತವೆ, ಒಂದು ಬಿಡೋ ಪದಾರ್ಥ ಇನ್ನೊಂದಕ್ಕೆ ಊಟ, ಹಾಗಾಗಿ ಒಟ್ಟಿಗೆ ಇದ್ದಾಗ ಒಂಟಿಯಾಗಿ ಇರೋದಕ್ಕಿಂತ ಬೇಗ ಹುಳಿ ಮಾಡ್ತವೆ.

ನಮ್ಮನೆ ಮೊಸರಿನ ಹೆಪ್ಪು ಹಾಗಲ್ಲ, ಅದೊಂದು ಸಂತೆ. ನೆನ್ನೆ ಮೊಸರಿನ ಒಂದು ಚಮಚ ಇವತ್ತಿಗೆ, ಇವತ್ತಿಂದು ನಾಳೆಗೆ, ಪಕ್ಕದ್ಮನೆಯಿಂದ ಬಂದಿದ್ದು, ಪಾತ್ರೆಯಿಂದ ಸೇರ್ಕೊಂಡಿದ್ದು, ಎಲ್ಲಾ ಸೇರಿ ಪ್ರತಿ ಮನೆ ಹೆಪ್ಪೂ ಬೇರೆ ಬೇರೆ. ಸಾಮಾನ್ಯವಾಗಿ ಅದರಲ್ಲಿ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಇರತ್ತೆ, ಲ್ಯೂಕೋನಾಸ್ಟಾಕ್ ಇರಬಹುದು, ಬೇರೆ ಬೇರೆ ಲ್ಯಾಕ್ಟೋಬ್ಯಾಸಿಲಸ್‌ಗಳು ಇರ್ತವೆ, ಯೋಗರ್ಟಿನ ಆ ಥರ್ಮೋಫಿಲಸ್ಸೂ ಎಷ್ಟೋ ಸಲ ಇರತ್ತೆ. ಲ್ಯಾಕ್ಟೋಕಾಕಸ್ಸಿಗೆ 30 ಡಿಗ್ರಿ ಆಸುಪಾಸು ಹಿತ, 40 ದಾಟಿದ್ರೆ ಅದು ಬೆಳೆಯಲ್ಲ. ಒಳ್ಳೆ ಮನೆ ಮೊಸರಲ್ಲಿ ಬರೋ ಆ ತೆಳು ಬೆಣ್ಣೆ ವಾಸನೆ ಇದೆಯಲ್ಲ, ಅದು ಡೈಅಸಿಟೈಲ್ ಅನ್ನೋ ಪದಾರ್ಥ, ಅದನ್ನ ಕೊಡೋದು ಈ ಕಡಿಮೆ ಬಿಸಿಯ ಗುಂಪು. ಯೋಗರ್ಟಿನ ವಾಸನೆ ಬೇರೆ, ಚೂಪಾಗಿ, ಹಸಿ ಸೇಬು ಕಚ್ಚಿದ ಹಾಗಿರತ್ತೆ, ಅದು ಅಸಿಟಾಲ್ಡಿಹೈಡ್.

ಇದರಿಂದ ನಾನು ಕಲಿತ ಮುಖ್ಯ ವಿಷಯ ಏನಂದ್ರೆ, ಹಾಲು ಎಷ್ಟು ಬಿಸಿ ಇರೋವಾಗ ಹೆಪ್ಪು ಹಾಕಿ ಎಷ್ಟು ಬಿಸಿಯಲ್ಲಿ ಇಡ್ತೀವೋ ಅದೇ ಹೆಪ್ಪಲ್ಲಿ ಯಾರು ಉಳೀಬೇಕು ಅಂತ ತೀರ್ಮಾನ ಮಾಡತ್ತೆ. ಮನೆ ಹೆಪ್ಪನ್ನ ದಿನಾ ಇನ್‌ಸ್ಟಂಟ್ ಪಾಟ್ ಅನ್ನೋ ಎಲೆಕ್ಟ್ರಿಕ್ ಕುಕ್ಕರ್‌ನ ಯೋಗರ್ಟ್ ಮೋಡ್‌ನಲ್ಲಿ ಇಟ್ಟು ಇಟ್ಟು ಅದರಿಂದಾನೇ ಮತ್ತೆ ಮತ್ತೆ ಹೆಪ್ಪು ಹಾಕ್ತಾ ಹೋದ್ರೆ ಬಿಸಿ ಜಾತಿಯವು ಮಾತ್ರ ಉಳಿದು, ಬೆಣ್ಣೆ ವಾಸನೆ ಮೆಲ್ಲಗೆ ಹೊರಟೋಗತ್ತೆ. ಹೊರದೇಶಕ್ಕೆ ಹೋದ ಎಷ್ಟೋ ಜನ "ಇಲ್ಲಿ ಹಾಲೇ ಸರಿಯಿಲ್ಲ, ಮೊಸರು ಅಮ್ಮನ ಮೊಸರಿನ ಥರ ಬರಲ್ಲ" ಅಂತಾರಲ್ಲ, ಹಾಲಿಗಿಂತ ಹೆಚ್ಚಾಗಿ ಇದೇ ಕಾರಣ ಅಂತ ನನಗನ್ಸತ್ತೆ.

ಮೊಸರು, ಅರ್ಧ ಲೀಟರಿಗೆ

ಟೋನ್ಡ್ ಹಾಲು ಒಂದು ಲೀಟರ್ ತಗೊಳ್ಳಿ, ಎರಡಕ್ಕೂ ಒಟ್ಟಿಗೇ ಕಾಯ್ಸಿ. ಉಕ್ಕು ಬಂದ ತಕ್ಷಣ ಆಫ್ ಮಾಡಬೇಡಿ. ಸಣ್ಣ ಉರೀಲಿ ಹತ್ತು ನಿಮಿಷ ಬಿಡಿ, ತಳ ಹಿಡೀದ ಹಾಗೆ ಮಧ್ಯೆ ಮಧ್ಯೆ ಕೈಯಾಡಿಸಿ. ಪ್ಯಾಕೆಟ್ ಹಾಲು ಮೊದಲೇ ಪಾಶ್ಚರೈಸ್ ಆಗಿರತ್ತಲ್ಲ ಮತ್ತ್ಯಾಕೆ ಅಂತ ಕೇಳ್ತಾರೆ, ಕೀಟಾಣು ವಿಷಯಕ್ಕಲ್ಲ ಇದು. 85-90 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇದ್ರೆ ಹಾಲಿನ ತಿಳಿಯಲ್ಲಿರೋ ವೇ ಪ್ರೋಟೀನು ಬಿಚ್ಕೊಂಡು ಕೇಸೀನಿಗೆ ಅಂಟ್ಕೊಳತ್ತೆ, ಆಗ ಬಲೆ ದಟ್ಟವಾಗಿ ನೀರನ್ನ ಹಿಡ್ಕೊಳತ್ತೆ. ಪಾಶ್ಚರೈಸ್ ಮಾಡೋವಾಗ ಸಾಮಾನ್ಯವಾಗಿ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಡ್ತಾರೆ, ಅಷ್ಟಕ್ಕೆ ಇದು ಆಗಲ್ಲ. ಬರೀ ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿದ ಮೊಸರು ತೆಳ್ಳಗಾಗಿ ಮೇಲೆ ನೀರು ಬಿಡೋದು ಇದಕ್ಕೇ.

ಕಾದ ಹಾಲಲ್ಲಿ ಅರ್ಧ ಬೇರೆ ಪಾತ್ರೆಗೆ ಹಾಕಿ. ಯೋಗರ್ಟ್ ಸ್ವಲ್ಪ ಬಿಸಿ ಇರೋವಾಗ್ಲೇ ಮಾಡೋದು ಅದಕ್ಕೆ ಅದನ್ನ ಮೊದಲು ಮುಗಿಸಿಬಿಡಿ, ಕೆಳಗೆ ಹೇಳಿದೀನಿ. ಮೊಸರಿಗೆ ಹಾಲು 35-38 ಡಿಗ್ರಿಗೆ ಇಳೀಬೇಕು. ಥರ್ಮಾಮೀಟರ್ ಇಲ್ಲದಿದ್ರೆ ತೊಳೆದ ಕಿರುಬೆರಳು ಹಾಲಲ್ಲಿ ಇಟ್ಟು ಹತ್ತರವರೆಗೆ ಎಣಿಸಿ, ಬಿಸಿ ಅಂತಾನೂ ಅನ್ಸಬಾರದು ತಣ್ಣಗೂ ಅನ್ಸಬಾರದು, ಬೆರಳು ಅಲ್ಲೇ ಇರಲಿ ಅನ್ಸಬೇಕು. ಅದೇ ಉಗುರು ಬೆಚ್ಚಗೆ.

ಹೆಪ್ಪು ಬೇಸಿಗೇಲಿ ಅರ್ಧ ಲೀಟರಿಗೆ ಒಂದು ಟೀ ಚಮಚ, ಬೆಂಗಳೂರಿನ ಡಿಸೆಂಬರ್ ಚಳಿಗೆ ಎರಡು. ಜಾಸ್ತಿ ಹಾಕಿದ್ರೆ ಗಟ್ಟಿ ಬರತ್ತೆ ಅನ್ನೋದು ತಪ್ಪು, ಬೇಗ ಹುಳಿ ಬರತ್ತೆ ಅಷ್ಟೇ, ತರಿತರಿನೂ ಆಗತ್ತೆ. ಹೆಪ್ಪನ್ನ ಮೊದಲು ಎರಡು ಚಮಚ ಹಾಲಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಹಾಲಿಗೆ ಸೇರಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಎತ್ತಿ ಸುರೀರಿ. ನಮ್ಮಜ್ಜಿ ಹೀಗೇ ಮಾಡೋರು, ನೊರೆ ಬರ್ಲಿ ಅಂತ ಅಂದ್ಕೊಂಡಿದ್ದೆ, ಹೆಪ್ಪು ಎಲ್ಲಾ ಕಡೆ ಒಂದೇ ಸಮ ಹರಡಲಿ ಅಂತ.

ಆಮೇಲೆ ಮುಟ್ಟಬಾರದು. ಬಲೆ ಕಟ್ಕೊಳ್ಳೋ ಹೊತ್ತಲ್ಲಿ ಅಲ್ಲಾಡಿಸಿದ್ರೆ ಒಡೆದು ನೀರು ಬಿಡತ್ತೆ, ಆಮೇಲೆ ಅದು ಮತ್ತೆ ಸೇರಲ್ಲ. ಬೇಸಿಗೇಲಿ ಐದಾರು ಗಂಟೆ, ಚಳಿಗಾಲದಲ್ಲಿ ಹತ್ತು ಹನ್ನೆರಡು ಗಂಟೆ. ಚಳಿಗೆ ಹಾಟ್‌ಬಾಕ್ಸ್ ಒಳಗೆ ಇಡಬಹುದು, ಅಕ್ಕಿ ಡಬ್ಬದೊಳಗೆ ಹೂತಿಡೋ ಮನೆಗಳೂ ಇವೆ, ಹೊರದೇಶದಲ್ಲಾದ್ರೆ ಓವನ್ ಆನ್ ಮಾಡದೆ ಬರೀ ಒಳಗಿನ ಲೈಟ್ ಹಾಕಿ ಇಡಿ. ಆಗಿದೆಯಾ ಅಂತ ನೋಡೋಕೆ ಚಮಚ ಹಾಕಬೇಡಿ, ಪಾತ್ರೆಯನ್ನ ಸ್ವಲ್ಪವೇ ಓರೆ ಮಾಡಿ, ಮೊಸರು ಪೂರ್ತಿ ಒಂದೇ ಗಡ್ಡೆಯಾಗಿ ಅಂಚಿನಿಂದ ಒಂದೆಳೆ ಬಿಟ್ಕೊಂಡ್ರೆ ಆಯ್ತು ಅಂತ. ಆ ಕ್ಷಣವೇ ಫ್ರಿಜ್‌ಗೆ. ಹೊರಗೆ ಬಿಟ್ಟ ಪ್ರತಿ ಗಂಟೆಯೂ ಹುಳಿಗೆ ಸೇರತ್ತೆ. ಫ್ರಿಜ್‌ನಲ್ಲಿ ಎರಡು ಮೂರು ಗಂಟೆ ಕೂತ್ರೆ ಇನ್ನೂ ಬಿಗಿಯಾಗತ್ತೆ.

ಯೋಗರ್ಟ್, ಉಳಿದ ಅರ್ಧ ಲೀಟರಿಗೆ

ಇದಕ್ಕೆ ಹಾಲು 43 ಡಿಗ್ರಿಗೆ ಇಳಿದ್ರೆ ಸಾಕು, ಬೆರಳಿಗೆ ಸ್ಪಷ್ಟವಾಗಿ ಬಿಸಿ ಅನ್ಸತ್ತೆ ಆದ್ರೆ ಸುಡಲ್ಲ. 50 ದಾಟಿದಾಗ ಹಾಕಿಬಿಟ್ರೆ ಕೆಲಸ ಕೆಟ್ಟಹಾಗೆ, ಇದರಲ್ಲಿ ಅಂದಾಜಿಗಿಂತ ಥರ್ಮಾಮೀಟರ್ ಒಳ್ಳೇದು. ಹೆಪ್ಪಿಗೆ ಸಕ್ಕರೆ, ಹಣ್ಣು, ಫ್ಲೇವರ್ ಏನೂ ಇಲ್ಲದ ಪ್ಲೇನ್ ಯೋಗರ್ಟ್ ಒಂದು ಟೇಬಲ್ ಚಮಚ. ಲೇಬಲ್ ಮೇಲೆ ಲೈವ್ ಕಲ್ಚರ್ ಇದೆ ಅಂತ ಬರ್ದಿರಬೇಕು, ತಯಾರಾದ್ಮೇಲೆ ಮತ್ತೆ ಕಾಯ್ಸಿ ಪ್ಯಾಕ್ ಮಾಡಿದ್ದಾದ್ರೆ ಅದರಲ್ಲಿ ಬ್ಯಾಕ್ಟೀರಿಯಾ ಸತ್ತಿರತ್ತೆ, ಎಷ್ಟು ಹೊತ್ತು ಇಟ್ರೂ ಹಾಲು ಹಾಲಾಗೇ ಇರತ್ತೆ. ನಮ್ಮಲ್ಲಿ ಮಾರೋ ಪ್ಯಾಕೆಟ್ ಮೊಸರನ್ನ ಹಾಕಿ ಇದನ್ನ ಯೋಗರ್ಟ್ ಅಂತ ಕರೆಯೋದೂ ಸರಿಯಲ್ಲ, ಮೊಸರು ಅಂತ ಬರ್ದಿರೋ ಪ್ಯಾಕೆಟ್‌ನಲ್ಲಿ ಆ ಇಬ್ಬರೇ ಇರಬೇಕು ಅಂತೇನಿಲ್ಲ.

ಕಲಸೋದೆಲ್ಲಾ ಅದೇ ಥರ. ಆಮೇಲೆ 42-43ರಲ್ಲೇ ಐದಾರು ಗಂಟೆ ನಿಲ್ಲಿಸಬೇಕು, ಇಲ್ಲೇ ಇದು ಮೊಸರಿಂದ ಬೇರೆಯಾಗೋದು. ಇನ್‌ಸ್ಟಂಟ್ ಪಾಟ್ ಇದ್ರೆ ಸುಲಭ. ಇಲ್ಲದಿದ್ರೆ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ಬಿಸಿನೀರು ಹಾಕಿ ಐದು ನಿಮಿಷ ಇಟ್ಟು ಚೆಲ್ಲಿ, ಹಾಲು ತುಂಬಿ ಮುಚ್ಚಿಡಿ, ಅರ್ಧ ಲೀಟರಿಗೆ ಇದು ಬೇಕಾದಷ್ಟಾಯ್ತು. ಅಡುಗೆಮನೆ ಕಟ್ಟೆ ಮೇಲೆ 25 ಡಿಗ್ರಿಯಲ್ಲಿ ಬಿಟ್ರೆ ಈ ಎರಡೂ ನಿಧಾನವಾಗಿ ಹೆಣಗಾಡ್ತವೆ, ಅಷ್ಟ್ರಲ್ಲಿ ಬೇರೆಯವು ಒಳಗೆ ನುಗ್ಗತ್ವೆ. ಇದೇ ಯೋಗರ್ಟಿಂದ ಮತ್ತೆ ಯೋಗರ್ಟ್ ಮಾಡ್ತಾ ಹೋದ್ರೂ ಕೆಲವು ಸುತ್ತು ಆದ್ಮೇಲೆ ಎರಡರ ಸಮತೋಲನ ತಪ್ಪತ್ತೆ, ರುಚಿ ಬದಲಾದ್ರೆ ಹೊಸ ಡಬ್ಬದಿಂದ ಶುರು ಮಾಡಿ.

ಮಾರನೇ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯೋಗರ್ಟ್ ಚಮಚದಲ್ಲಿ ತೆಗೆದ್ರೆ ಬಿಗಿಯಾಗಿ, ನುಣ್ಣಗೆ ಇರತ್ತೆ, ಹುಳಿ ಮುಂದೆ ಬಂದು ಹೊಡೆಯತ್ತೆ. ಮೊಸರು ಮೆತ್ತಗೆ, ಹುಳಿ ಹಿಂದಿನಿಂದ ನಿಧಾನವಾಗಿ ಬರತ್ತೆ. ಮೊಸರನ್ನಕ್ಕೆ ನಾನಂತೂ ಮೊಸರನ್ನೇ ಹಾಕೋದು, ಯೋಗರ್ಟ್ ಹಾಕಿದ್ರೆ ಒಗ್ಗರಣೆ ಜೊತೆ ಆ ಸೇಬಿನ ವಾಸನೆ ಸೇರಲ್ಲ.

ಜಿಡ್ಡಿನ ಲೆಕ್ಕ

ಯೋಗರ್ಟಲ್ಲಿ ಫ್ಯಾಟ್ ಕಡಿಮೆ, ಮೊಸರಲ್ಲಿ ಜಾಸ್ತಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹೆಪ್ಪಿಗೂ ಜಿಡ್ಡಿಗೂ ಸಂಬಂಧ ಇಲ್ಲ, ಬ್ಯಾಕ್ಟೀರಿಯಾ ತಿನ್ನೋದು ಸಕ್ಕರೆ. ಹಾಲಲ್ಲಿ ಎಷ್ಟು ಜಿಡ್ಡಿತ್ತೋ ಅಷ್ಟೇ ಮೊಸರಲ್ಲಿ. ನಮ್ಮ ದೇಶದಲ್ಲಿ ಟೋನ್ಡ್ ಹಾಲಿಗೆ 3%, ಸ್ಟ್ಯಾಂಡರ್ಡೈಸ್ಡ್‌ಗೆ 4.5%, ಫುಲ್ ಕ್ರೀಮ್‌ಗೆ 6%, ಡಬಲ್ ಟೋನ್ಡ್‌ಗೆ 1.5% ಅಂತ ನಿಯಮ ಇದೆ, ಪ್ಯಾಕೆಟ್ ಮೇಲೇ ಬರ್ದಿರತ್ತೆ.

ನಮ್ಮ ಅರ್ಧ ಲೀಟರ್ ಟೋನ್ಡ್ ಹಾಲನ್ನೇ ತಗೊಳ್ಳಿ. ಅದರಲ್ಲಿ ಸುಮಾರು 15 ಗ್ರಾಂ ಜಿಡ್ಡು, ಅದರ ಮೊಸರಲ್ಲೂ 15 ಗ್ರಾಂ, ಯೋಗರ್ಟಲ್ಲೂ 15 ಗ್ರಾಂ. ಈಗ ಆ ಯೋಗರ್ಟನ್ನ ಬಟ್ಟೇಲಿ ಕಟ್ಟಿ ನೇತಾಕಿ ಗ್ರೀಕ್ ಯೋಗರ್ಟ್ ಥರ ಮಾಡಿದ್ರೆ ಅರ್ಧಕ್ಕಿಂತ ಜಾಸ್ತಿ ತಿಳಿನೀರಾಗಿ ಇಳಿದು ಇನ್ನೂರು ಇನ್ನೂರಿಪ್ಪತ್ತು ಗ್ರಾಂ ಉಳಿಯತ್ತೆ. ಆ ತಿಳಿನೀರಿನ ಜೊತೆ ಜಿಡ್ಡು ಹೋಗೋದು ತೀರಾ ಕಡಿಮೆ, ಹಾಗಾಗಿ ಉಳಿದ ಗಡ್ಡೇಲಿ ಜಿಡ್ಡು ಸುಮಾರು 7% ಆಗತ್ತೆ. ಶ್ರೀಖಂಡಕ್ಕೆ ಟೋನ್ಡ್ ಹಾಲಿನ ಮೊಸರೇ ಹಾಕಿದೀನಲ್ಲ ಲೈಟು ಅಂತ ತಿನ್ನೋರು ಇದನ್ನ ನೋಡ್ಕೋಬೇಕು. ಅಂಗಡೀಲಿ ಸಿಗೋ ಜಿಡ್ಡಿಲ್ಲದ ಗ್ರೀಕ್ ಯೋಗರ್ಟ್ ಶುರುವಿನಿಂದಲೇ ಕೆನೆ ತೆಗೆದ ಹಾಲಲ್ಲಿ ಮಾಡಿರೋದು.

ಮಜ್ಜಿಗೆ ಅಂದ್ರೆ ಯಾವ ಮಜ್ಜಿಗೆ

ಇಲ್ಲೇ ಗೊಂದಲ ಜಾಸ್ತಿ, ಯಾಕಂದ್ರೆ ಒಂದೇ ಹೆಸರಲ್ಲಿ ಮೂರು ಪದಾರ್ಥ ಓಡಾಡ್ತಿವೆ. ಮೊದಲನೇದು ಕಡೆದ ಮಜ್ಜಿಗೆ, ಮೊಸರು ಕಡೆದು ಬೆಣ್ಣೆ ತೆಗೆದ್ಮೇಲೆ ಉಳಿಯೋದು. ಎರಡನೇದು ಈಗ ಎಲ್ಲರ ಮನೇಲೂ ಮಾಡೋ ನೀರು ಮಜ್ಜಿಗೆ, ಮೊಸರಿಗೆ ನೀರು ಹಾಕಿ ಮಿಕ್ಸೀಲಿ ಒಂದು ಸುತ್ತು ತಿರುಗಿಸಿದ್ದು, ಬೆಣ್ಣೆ ತೆಗೆದಿರಲ್ಲ. ಟೋನ್ಡ್ ಹಾಲಿನ 200 ಗ್ರಾಂ ಮೊಸರಿಗೆ 600 ಮಿಲಿ ನೀರು ಹಾಕಿದ್ರೆ ಒಟ್ಟು 6 ಗ್ರಾಂ ಜಿಡ್ಡು ನಾಲ್ಕು ಲೋಟಕ್ಕೆ ಹಂಚಿ ಲೋಟಕ್ಕೆ ಒಂದೂವರೆ ಗ್ರಾಂ. ಕಡಿಮೆ ಇರೋದು ನೀರಿಂದ, ಕಡೆದದ್ದರಿಂದಲ್ಲ. ಮೂರನೇದು ಅಮೆರಿಕಾದ ಅಂಗಡಿಗಳ ಬಟರ್‌ಮಿಲ್ಕ್, ಅದನ್ನ ಕಡೆದಿರೋದೇ ಇಲ್ಲ. ಜಿಡ್ಡು ಕಡಿಮೆ ಇರೋ ಹಾಲಿಗೆ ಲ್ಯಾಕ್ಟೋಕಾಕಸ್, ಲ್ಯೂಕೋನಾಸ್ಟಾಕ್ ಹಾಕಿ 22 ಡಿಗ್ರಿ ಆಸುಪಾಸಲ್ಲಿ ಹನ್ನೆರಡು ಹದಿನಾರು ಗಂಟೆ ಬಿಟ್ಟು ಕದಡಿ ಡಬ್ಬಕ್ಕೆ ತುಂಬಿರ್ತಾರೆ, ಎಷ್ಟೋ ಸಲ ಉಪ್ಪೂ ಹಾಕಿರ್ತಾರೆ. ಹಾಗೆ ನೋಡಿದ್ರೆ ಹೆಪ್ಪಿನ ಲೆಕ್ಕದಲ್ಲಿ ಅದು ಯೋಗರ್ಟಿಗಿಂತ ನಮ್ಮ ಮೊಸರಿಗೇ ಹತ್ತಿರದ ನೆಂಟ, ಗಟ್ಟಿತನದಲ್ಲೂ ಕದಡಿದ ಮೊಸರೇ.

ಕಡೆದ ಮಜ್ಜಿಗೆ ಮಾಡ್ಬೇಕು ಅಂದ್ರೆ ಹಾಲಿನ ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತ ಇದೆಯಾ ಮೊದಲು ನೋಡಿ. ಇದ್ರೆ ಬೆಣ್ಣೆ ಬರೋದು ಕಷ್ಟ, ಅದರಲ್ಲಿ ಜಿಡ್ಡಿನ ಹನಿಗಳನ್ನ ಒತ್ತಡದಲ್ಲಿ ಸಣ್ಣಗೆ ಒಡೆದಿರ್ತಾರೆ, ಅವುಗಳ ಸುತ್ತ ಪ್ರೋಟೀನಿನ ಹೊದಿಕೆ ಕೂತಿರತ್ತೆ, ಎಷ್ಟು ಕಡೆದ್ರೂ ಒಂದಕ್ಕೊಂದು ಅಂಟ್ಕೊಳಲ್ಲ. ಮಿಕ್ಸಿ ಸುಟ್ಟೋಗೋವರೆಗೂ ತಿರುಗಿಸಿ ಬೆಣ್ಣೆ ಬರ್ಲಿಲ್ಲ ಅನ್ನೋರದ್ದು ಇದೇ ಕಥೆ. ಹೋಮೋಜಿನೈಸ್ ಮಾಡದ ಹಾಲು, ಇಲ್ಲಾ ಹಾಲಿನವರು ತರೋ ಎಮ್ಮೆ ಹಾಲು ಒಳ್ಳೇದು.

6% ಜಿಡ್ಡಿನ ಎಮ್ಮೆ ಹಾಲು ಒಂದು ಲೀಟರ್ ಮೊಸರು ಮಾಡಿ, ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ, 15 ಡಿಗ್ರಿ ಆಸುಪಾಸು ಬರ್ಲಿ. ಕಡೆಗೋಲು ಹಾಕಿ ಕಡೀರಿ, ಮಿಕ್ಸಿ ಆದ್ರೆ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ನೊರೆ ಏಳತ್ತೆ, ಆಮೇಲೆ ದಪ್ಪಗಾಗಿ ಕಡೆಗೋಲು ಭಾರ ಅನ್ಸತ್ತೆ, ಇಲ್ಲಿ ನಿಲ್ಲಿಸಬಾರದು. ಇದ್ದಕ್ಕಿದ್ದ ಹಾಗೆ ಶಬ್ದ ಬದಲಾಗತ್ತೆ, ಗುಳುಗುಳು ಅಂತಿದ್ದದ್ದು ಪಚಪಚ ಅಂತ ನೀರಿನ ಸದ್ದಾಗತ್ತೆ, ಪಾತ್ರೆ ಅಂಚಿಗೆ ರವೆ ಕಾಳಿನಷ್ಟು ಬೆಣ್ಣೆ ಅಂಟಿರೋದು ಕಾಣತ್ತೆ. ಆಗ ಒಂದು ಲೋಟ ಐಸ್ ನೀರು ಹಾಕಿ ನಿಧಾನವಾಗಿ ತಿರುಗಿಸಿದ್ರೆ ಕಾಳೆಲ್ಲಾ ಮುದ್ದೆಯಾಗಿ ತೇಲತ್ತೆ. ಏಪ್ರಿಲ್ ಮೇನಲ್ಲಿ ಈ ತಣ್ಣೀರಿಲ್ಲದೆ ಬೆಣ್ಣೆ ಮೆತ್ತಗಾಗಿ ಮಜ್ಜಿಗೇಲೇ ಕರಗಿದ ಹಾಗೆ ಕದಡಿಹೋಗತ್ತೆ.

ಲೆಕ್ಕ ನೋಡಿ: ಮೊಸರಲ್ಲಿದ್ದ ಜಿಡ್ಡು 60 ಗ್ರಾಂ, ಅದರಲ್ಲಿ ಐವತ್ತು ಗ್ರಾಂ ಬೆಣ್ಣೆಗೆ ಬಂತು ಅಂದ್ಕೊಳ್ಳಿ, ನೀರಿನಂಶ ಸೇರಿ ಬೆಣ್ಣೆ ಮುದ್ದೆ ಅರವತ್ತೈದು ಗ್ರಾಂ ತೂಗತ್ತೆ. ಉಳಿದ ಹತ್ತು ಗ್ರಾಂ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಮಜ್ಜಿಗೇಲಿ, ಅಂದ್ರೆ 1%ಗಿಂತ ಕಡಿಮೆ. ಎಮ್ಮೆ ಹಾಲಿಂದ ಶುರು ಮಾಡಿ, ಅಷ್ಟೇನೂ ನೀರು ಹಾಕದೆ ಇಷ್ಟು ಕೆಳಗೆ ಇಳಿಯೋದು ಕಡೆದಾಗ ಮಾತ್ರ. ಅದರ ರುಚಿಯೂ ಬೇರೆ, ತೆಳುವಾಗಿದ್ರೂ ನೀರು ನೀರು ಅನ್ಸಲ್ಲ.

ಕೆಟ್ರೆ ಹೇಗೆ ಗೊತ್ತಾಗತ್ತೆ

ಹೆಪ್ಪೇ ಆಗಿಲ್ಲ ಅಂದ್ರೆ ಮೊದಲು ವಾಸನೆ ನೋಡಿ. ಹುಳಿ ಸುಳಿವಿದ್ರೆ ಬರೀ ಚಳಿ, ಬೆಚ್ಚಗಿನ ನೀರಿರೋ ಅಗಲ ಪಾತ್ರೆಯೊಳಗೆ ಇಟ್ಟು ಎರಡು ಗಂಟೆ ಕಾಯಿರಿ. ಹಾಲಿನ ವಾಸನೆಯೇ ಇದ್ರೆ, ಅದೂ ಎರಡು ಮೂರು ಗಂಟೆ ಒಳಗೆ ಗೊತ್ತಾದ್ರೆ, ಹೆಪ್ಪು ಸತ್ತಿದೆ ಅಥವಾ ಹಾಲು ತುಂಬಾ ಬಿಸಿ ಇದ್ದಾಗ ಹಾಕಿದೀರಿ, ಹಾಲು ಸರಿಯಾದ ಬಿಸಿಗೆ ತಂದು ಬೇರೆ ಹೆಪ್ಪು ಹಾಕಬಹುದು. ರಾತ್ರಿಯಿಡೀ ಹಾಗೇ ಇದ್ದ ಹಾಲನ್ನ ಮಾತ್ರ ಉಳಿಸೋಕೆ ಹೋಗಬೇಡಿ.

ಲೋಳೆ ಲೋಳೆಯಾಗಿ ಚಮಚಕ್ಕೆ ದಾರದ ಹಾಗೆ ಎಳ್ಕೊಂಡು ಬರೋ ಮೊಸರಂತೂ ಎಲ್ಲರ ಮನೇಲೂ ಒಂದಲ್ಲ ಒಂದು ಸಲ ಆಗಿರತ್ತೆ. ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಉದ್ದುದ್ದ ಅಂಟಿನ ಎಳೆ ಮಾಡ್ತವೆ, ಹೆಪ್ಪಲ್ಲಿ ಅವು ಜಾಸ್ತಿಯಾದಾಗ ಹೀಗೆ. ಆ ಮೊಸರಿಂದಲೇ ನಾಳೆಗೆ ಹೆಪ್ಪು ಹಾಕಿದ್ರೆ ನಾಳೇನೂ ಲೋಳೆಯೇ, ಹಾಗಾಗಿ ಆ ಹೆಪ್ಪನ್ನ ಬಿಟ್ಟು, ಪಾತ್ರೆ ಸೌಟು ಕುದಿನೀರಲ್ಲಿ ತೊಳೆದು, ಬೇರೆ ಮನೆಯಿಂದ ಹೆಪ್ಪು ತನ್ನಿ. ಕಹಿ ಬಂದ್ರೆ ಹೆಪ್ಪು ಫ್ರಿಜ್‌ನಲ್ಲಿ ತುಂಬಾ ದಿನ ಕೂತಿತ್ತು ಅಥವಾ ಹಾಲೇ ಹಳೇದು. ಗುಲಾಬಿ ಹಸಿರು ಬೂಷ್ಟು, ಗುಳ್ಳೆ, ಹೆಂಡದ ವಾಸನೆ ಕಂಡ್ರೆ ಮೇಲಿಂದು ತೆಗೆದು ಉಪಯೋಗಿಸೋದು ಬೇಡ, ಪೂರ್ತಿ ಚೆಲ್ಲಿ.

ಹೆಪ್ಪು ಕಾಪಾಡೋಕೆ, ಮೊಸರಾದ ತಕ್ಷಣ ಯಾರೂ ಚಮಚ ಹಾಕೋ ಮುಂಚೆ ಎರಡು ಚಮಚ ತೆಗೆದು ಸಣ್ಣ ಸ್ಟೀಲ್ ಡಬ್ಬೀಲಿ ಫ್ರಿಜ್‌ಗೆ ಇಡಿ, ಮೂರು ನಾಲ್ಕು ದಿನದೊಳಗೆ ಉಪಯೋಗಿಸಿ.

ತಂಗಿಗೆ ಆ ಡಬ್ಬದಲ್ಲಿ ಉಳಿದಿದ್ದ ಬಟರ್‌ಮಿಲ್ಕಲ್ಲೇ ಮತ್ತೆ ಮಾಡಿಸಿದೆ. ಒಂದು ಕಪ್ ಬಟರ್‌ಮಿಲ್ಕಿಗೆ ಒಂದೂವರೆ ಕಪ್ ನೀರು, ಉಪ್ಪು ಕೊನೇಲಿ ರುಚಿ ನೋಡಿ ಮಾತ್ರ, ಬೂದುಗುಂಬಳ ಬೇರೆ ಬೇಯಿಸಿ ರುಬ್ಬಿದ್ದು ಸೇರಿಸಿ ಕುದಿಸಿದ್ಮೇಲೆ ಉರಿ ಸಣ್ಣ ಮಾಡಿ ಮಜ್ಜಿಗೆ ಹಾಕಿ, ಅಂಚಲ್ಲಿ ನೊರೆ ಕಂಡ ಕೂಡಲೇ ಇಳಿಸು, ಜಿಡ್ಡು ಕಡಿಮೆ ಇರೋದು ಜೋರಾಗಿ ಕುದಿದ್ರೆ ಒಡೆಯತ್ತೆ ಅಂದೆ. ಸಂಜೆ ಫೋಟೋ ಕಳ್ಸಿದ್ಲು, ತೆಳುವಾಗಿ ಹಳದಿ ಬಣ್ಣ, ಮೇಲೆ ಸಾಸಿವೆ ಕರಿಬೇವು ತೇಲ್ತಾ ಇತ್ತು.